ಅಮೆರಿಕದ ಹಣ ಅರಸೀಕೆರೆಗೆ ಬರಬೇಕಾದರೆ



ಈ ಸಲ ಅರಸೀಕೆರೆಯಿಂದ ಒಬ್ಬ ಓದುಗರು ಉದ್ದನೆಯ ಕಾಗದ ಬರೆದಿದ್ದಾರೆ. ಅವರಿಗೆ ರಂಗೋಲಿಯಲ್ಲಿ ಒಳ್ಳೆಯ ಕೈ. ಅಮೆರಿಕದ ಪ್ರಕಾಶನವೊಂದು ಮಕ್ಕಳ ಬಣ್ಣ ತುಂಬುವ ಪುಸ್ತಕಕ್ಕೆ ಅವರಿಂದ ಮೂವತ್ತು ರಂಗೋಲಿ ಬರೆಸಿಕೊಂಡು, 300 ಡಾಲರ್ ಕೊಡುವುದಾಗಿ ಒಪ್ಪಿತು. ಕೆಲಸ ಮುಗಿದ ಮೇಲೆ ಹಣದ ಬದಲು ಒಂದು ಫಾರ್ಮ್ ಬಂತು. ಅದಕ್ಕೆ ವೆಂಡರ್ ಆನ್‌ಬೋರ್ಡಿಂಗ್ ಫಾರ್ಮ್ ಅಂತ ಹೆಸರು. ತಿಳಿದಂತೆ ತುಂಬಿ ಕಳಿಸಿದರು. ಮೂರು ವಾರ ಕಳೆದರೂ ಹಣ ಬರಲಿಲ್ಲ. "ನಾನು ಮೋಸ ಹೋದೆನೇ?" ಎಂದು ಕೇಳಿದ್ದಾರೆ.

ಮೋಸ ಹೋಗಿಲ್ಲಮ್ಮ. ಫಾರ್ಮಿನ ಎರಡು ಮನೆ ತಪ್ಪಾಗಿವೆ, ಅಷ್ಟೆ.

ಮೊದಲು ಈ ಫಾರ್ಮ್ ಯಾಕೆ ಅನ್ನೋದನ್ನು ನೋಡೋಣ. ನಮ್ಮೂರಿನ ಅಂಗಡಿಯವರು ಹೊಸಬರಿಗೆ ಸಾಲದ ಖಾತೆ ತೆರೆಯುವಾಗ ಹೆಸರು, ಊರು, ಮನೆತನ ಕೇಳುವುದಿಲ್ಲವೇ? ಹಾಗೆಯೇ ಅಲ್ಲಿನ ಲೆಕ್ಕದ ವಿಭಾಗದವರೂ ಹಣ ಕಳಿಸುವ ಮುನ್ನ, ಇವರು ಯಾರು, ಯಾವ ದೇಶದವರು, ತೆರಿಗೆ ಹಿಡಿಯಬೇಕೋ ಬೇಡವೋ, ಹಣ ಯಾವ ಖಾತೆಗೆ ಹೋಗಬೇಕು ಎಂದು ಬರೆದಿಟ್ಟುಕೊಳ್ಳುತ್ತಾರೆ. ನಿಮಗೆ ಚಿತ್ರ ಬರೆಯಲು ಹೇಳಿದವರು ಒಬ್ಬರು, ಹಣ ಕಳಿಸುವವರು ಇನ್ನೊಬ್ಬರು. ಆ ಇನ್ನೊಬ್ಬರಿಗೆ ನಿಮ್ಮ ರಂಗೋಲಿ ಗೊತ್ತಿಲ್ಲ, ಈ ಕಾಗದ ಒಂದೇ ಗೊತ್ತು.

ಮೊದಲ ತೊಡಕು ಹೆಸರಿನದು. ನಮಗೆ ಇನಿಷಿಯಲ್, ಅವರಿಗೆ ಮೊದಲ ಹೆಸರು, ಕೊನೆಯ ಹೆಸರು. ಈ ಸೋದರಿಯ ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಪ್ಯಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಬಿಡಿಸಿ, ತಂದೆಯ ಹೆಸರು ಪೂರ್ತಿ ಬಂದಿದೆ. ಫಾರ್ಮಿನಲ್ಲಿ ಅವರು ಬರೆದದ್ದು ಮದುವೆಯಾದ ಮೇಲಿನ, ಗಂಡನ ಹೆಸರು ಸೇರಿದ ಹೆಸರು! ಒಬ್ಬರೇ ಹೆಂಗಸು, ಕಾಗದದ ಮೇಲೆ ಮೂವರು. ಪೂರ್ತಿ ಹೆಸರು ಕೇಳಿದ ಕಡೆ ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಖಾತೆದಾರರ ಹೆಸರು ಕೇಳಿದ ಕಡೆ ಪಾಸ್‌ಬುಕ್ಕಿನಲ್ಲಿ ಇರುವಂತೆ ಅಕ್ಷರಕ್ಕೆ ಅಕ್ಷರ ಬರೆಯಿರಿ. ಎರಡೂ ಬೇರೆ ಬೇರೆಯಾಗಿದ್ದರೆ ಮೊದಲು ಬ್ಯಾಂಕಿಗೆ ಪ್ಯಾನ್ ಪ್ರತಿ ಕೊಟ್ಟು ಖಾತೆಯ ಹೆಸರನ್ನು ಸರಿಮಾಡಿಸಿ, ಆಮೇಲೆ ಫಾರ್ಮಿಗೆ ಕೈ ಹಾಕಿ.

"ಯಜಮಾನರ ಖಾತೆಯನ್ನೇ ಕೊಟ್ಟರೆ ಸುಲಭವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಬೇಡಿ. ದುಡಿದವರು ಒಬ್ಬರು, ಹಣ ಪಡೆಯುವವರು ಇನ್ನೊಬ್ಬರು ಎಂದರೆ ಲೆಕ್ಕದವರು ಅಲ್ಲೇ ತಡೆಯುತ್ತಾರೆ. ನಿಮ್ಮ ಗಳಿಕೆ ನಿಮ್ಮ ಹೆಸರಿನಲ್ಲಿ ಇರುವುದೂ ಒಳ್ಳೆಯದೇ, ಬಿಡಿ.

ಎರಡನೆಯ ತಪ್ಪು ದೊಡ್ಡದು, ಬಹಳ ಜನ ಮಾಡುವಂಥದ್ದು. ಫಾರ್ಮಿನಲ್ಲಿ SWIFT ಅಥವಾ BIC ಎಂಬ ಮನೆ ಇರುತ್ತದೆ. ಈ ಸೋದರಿ ಅಲ್ಲಿ ಚೆಕ್ಕಿನ ಮೇಲಿರುವ ಐ.ಎಫ್.ಎಸ್.ಸಿ. ಬರೆದುಬಿಟ್ಟಿದ್ದಾರೆ. ತಪ್ಪಾದದ್ದು ಸಹಜವೇ, ಏಕೆಂದರೆ ಎರಡೂ ಹನ್ನೊಂದು ಅಕ್ಷರ ಇರಬಹುದು, ಎರಡೂ ಬ್ಯಾಂಕಿನ ನಾಲ್ಕು ಅಕ್ಷರಗಳಿಂದಲೇ ಶುರುವಾಗಬಹುದು. ಸ್ಟೇಟ್ ಬ್ಯಾಂಕಿನದನ್ನೇ ನೋಡಿ: ಐ.ಎಫ್.ಎಸ್.ಸಿ. SBIN0 ಎಂದು ಶುರುವಾದರೆ, ಸ್ವಿಫ್ಟ್ ಕೋಡ್ SBININBB ಎಂದು ಶುರುವಾಗುತ್ತದೆ. ಗುರುತು ಹಿಡಿಯಲು ಐದನೆಯ ಜಾಗದ ಮೇಲೆ ಬೆರಳಿಡಿ. ಅಲ್ಲಿ ಸೊನ್ನೆ ಇದ್ದರೆ ಅದು ಐ.ಎಫ್.ಎಸ್.ಸಿ. ಐದು, ಆರನೆಯ ಜಾಗದಲ್ಲಿ IN ಎಂದು ಭಾರತದ ಹೆಸರಿದ್ದರೆ ಅದು ಸ್ವಿಫ್ಟ್. ಮೊದಲನೆಯದು ನಮ್ಮ ದೇಶದೊಳಗಿನ ವಿಳಾಸ, ಎರಡನೆಯದು ಹೊರದೇಶದಿಂದ ಬರುವವರಿಗೆ ವಿಳಾಸ. ಸ್ವಿಫ್ಟ್ ಎಂಟು ಅಕ್ಷರದ್ದೂ ಇರುತ್ತದೆ, ಹೆದರಬೇಡಿ.

ಸಣ್ಣ ಊರಿನ ಎಷ್ಟೋ ಶಾಖೆಗಳಿಗೆ ಸ್ವಂತ ಸ್ವಿಫ್ಟ್ ಕೋಡ್ ಇರುವುದೇ ಇಲ್ಲ. ಆಗ ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಯ ಕೋಡ್ ಕೊಟ್ಟು, ಅದರ ಮೂಲಕ ನಿಮ್ಮ ಖಾತೆಗೆ ತರಿಸಬೇಕು. ಯಾವ ಶಾಖೆ ಎಂಬುದನ್ನು ನಿಮ್ಮ ಬ್ಯಾಂಕಿನವರಿಂದಲೇ ತಿಳಿಯಿರಿ. ಕೌಂಟರಿನಲ್ಲಿ "ಸ್ವಿಫ್ಟ್ ಕೊಡಿ" ಅಂದರೆ ಹುಬ್ಬು ಗಂಟಿಕ್ಕಬಹುದು. "ಹೊರದೇಶದಿಂದ ಡಾಲರ್ ನನ್ನ ಖಾತೆಗೆ ಬರಬೇಕು, ಅವರಿಗೆ ಏನೇನು ವಿವರ ಕೊಡಲಿ?" ಎಂದು ಕೇಳಿ, ಬರೆಸಿಕೊಂಡೇ ಬನ್ನಿ.

IBAN ಎಂಬ ಮನೆಯೂ ಇರುತ್ತದೆ. ಅದು ಯೂರೋಪು ಮೊದಲಾದ ಕಡೆಯ ಪದ್ಧತಿ, ಭಾರತದ ಖಾತೆಗಳಿಗೆ ಇಲ್ಲ. ಖಾಲಿ ಬಿಡಿ. ಬಿಡಲು ಕಂಪ್ಯೂಟರ್ ಒಪ್ಪದಿದ್ದರೆ ಅವರಿಗೇ ಬರೆದು ಕೇಳಿ, ಏನೋ ಒಂದು ತುಂಬಬೇಡಿ. ಒಂಬತ್ತು ಅಂಕಿಯ ರೂಟಿಂಗ್ ನಂಬರ್ ಅಮೆರಿಕದ ಬ್ಯಾಂಕುಗಳದ್ದು, ಅದೂ ನಮಗಲ್ಲ.

ಫಾರ್ಮಿನ ಜೊತೆ W-8BEN ಎಂಬ ಇನ್ನೊಂದು ಕಾಗದ ಬಂದಿರುತ್ತದೆ. "ನಾನು ಅಮೆರಿಕದವಳಲ್ಲ" ಎಂದು ಹೇಳುವ ಪತ್ರ ಅದು. ಅಮೆರಿಕದವರು ತುಂಬುವುದು W-9. ಅದು ತಪ್ಪಿ ಬಂದರೆ ಸಹಿ ಹಾಕದೆ ವಾಪಸು ಕಳಿಸಿ. W-8BEN ನಲ್ಲಿ ಮನೆಯ ನಿಜವಾದ ವಿಳಾಸ ಬೇಕು, ಪೋಸ್ಟ್ ಬಾಕ್ಸ್ ನಡೆಯದು. 6a ಎಂಬ ಸಾಲಿನಲ್ಲಿ ನಿಮ್ಮ ಪ್ಯಾನ್ ಸಂಖ್ಯೆ. ಹುಟ್ಟಿದ ದಿನ ಬರೆಯುವಾಗ ಮೊದಲು ತಿಂಗಳು, ಆಮೇಲೆ ತಾರೀಖು. ಸಹಿ ಹಾಕಿದ ವರ್ಷ ಬಿಟ್ಟು ಮುಂದಿನ ಮೂರು ವರ್ಷದ ಕೊನೆಯವರೆಗೆ ಇದು ನಡೆಯುತ್ತದೆ. ಇದನ್ನು ಅಮೆರಿಕದ ಸರ್ಕಾರಕ್ಕೆ ಕಳಿಸಬೇಕಿಲ್ಲ, ಹಣ ಕೊಡುವವರಿಗೇ ಕೊಡಿ. ಮನೆಯಲ್ಲೇ ಕೂತು ಮಾಡಿದ ಕೆಲಸದ ಕೂಲಿಗೆ ಅಲ್ಲಿನ ತೆರಿಗೆ ಹಿಡಿಯುವುದಿಲ್ಲ. ಆದರೆ ಪುಸ್ತಕ ಮಾರಿದಷ್ಟಕ್ಕೆ ರಾಯಧನ ಎಂದು ಒಪ್ಪಂದವಾಗಿದ್ದರೆ ಮಾತು ಬೇರೆ. ಆಗ ಸಹಿಗೆ ಮುಂಚೆ ಆಡಿಟರಿಗೆ ತೋರಿಸಿ. ಇಲ್ಲಿನ ಆದಾಯ ತೆರಿಗೆ ಲೆಕ್ಕಕ್ಕಂತೂ ಈ ಹಣ ಸೇರಲೇಬೇಕು.

ಇನ್ನೊಂದು ಮಾತು. 300 ಡಾಲರ್ ಅಂದರೆ 300 ಬಂದೇಬಿಡುತ್ತದೆ ಅಂದುಕೊಳ್ಳಬೇಡಿ. ದಾರಿಯಲ್ಲಿ ಮಧ್ಯದ ಬ್ಯಾಂಕು ತನ್ನ ಕೂಲಿ ಮುರಿದುಕೊಳ್ಳಬಹುದು. 18 ಡಾಲರ್ ಹೋಗಿ 282 ಕೈಸೇರಿದರೂ ಅಚ್ಚರಿಯಿಲ್ಲ. ಖರ್ಚು ಯಾರದು ಎಂಬ ಮನೆಯಲ್ಲಿ SHA ಇದ್ದರೆ ಇಬ್ಬರಿಗೂ ಹಂಚಿಕೆ, OUR ಇದ್ದರೆ ಕಳಿಸುವವರದೇ. ಬೆಲೆ ಮಾತಾಡುವಾಗಲೇ ಇದನ್ನು ಕೇಳಿಕೊಳ್ಳಿ. ಹಣ ಬಂದಾಗ ನಮ್ಮ ಬ್ಯಾಂಕು ಯಾತಕ್ಕೆ ಬಂತು ಎಂದೂ ಕೇಳುತ್ತದೆ. P ಅಕ್ಷರದಿಂದ ಶುರುವಾಗುವ ಪರ್ಪಸ್ ಕೋಡ್ ಬರೆಯಬೇಕು. ಬಿಲ್ಲಿನ ಪ್ರತಿ ತೋರಿಸಿದರೆ ಅವರೇ ಆರಿಸಿಕೊಡುತ್ತಾರೆ. ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಚೀಟಿಯನ್ನು ಕೇಳಿ ಪಡೆದು ಜೋಪಾನ ಮಾಡಿ.

ನಿಜವಾದ ಫಾರ್ಮ್ ನಿಮ್ಮ ಎ.ಟಿ.ಎಂ. ಪಿನ್, ಓ.ಟಿ.ಪಿ., ಕಾರ್ಡಿನ ಹಿಂದಿನ ಮೂರಂಕಿ ಕೇಳುವುದಿಲ್ಲ. ನೋಂದಣಿ ಶುಲ್ಕವೆಂದು ಒಂದು ರೂಪಾಯಿ ಕೇಳಿದರೂ ಅಲ್ಲಿಗೇ ನಿಲ್ಲಿಸಿ.

ಅರಸೀಕೆರೆಯ ಸೋದರಿ, ಈಗ ಹೀಗೆ ಮಾಡಿ. ನಾಳೆ ಪಾಸ್‌ಬುಕ್ಕು, ಪ್ಯಾನ್ ಎರಡೂ ಹಿಡಿದು ಬ್ಯಾಂಕಿಗೆ ಹೋಗಿ, ಹೆಸರು ಸರಿಮಾಡಿಸಿ, ಸ್ವಿಫ್ಟ್ ಬರೆಸಿಕೊಳ್ಳಿ. ಆಮೇಲೆ ತಿದ್ದಿದ ಫಾರ್ಮ್ ಕಳಿಸಿ. ಖಾತೆಯ ವಿವರ ಬದಲಾಯಿಸಿದರೆ ಅವರು ಫೋನ್ ಮಾಡಿ ನೀವೇ ಹೌದೇ ಎಂದು ವಿಚಾರಿಸಬಹುದು. ಬೇರೆಯವರ ಹೆಸರಿನಲ್ಲಿ ಖಾತೆ ಬದಲಿಸಿ ಹಣ ಹೊಡೆಯುವವರು ಇದ್ದಾರೆ, ಅದಕ್ಕೇ ಈ ಎಚ್ಚರಿಕೆ. ಬೇಸರಿಸದೆ ಉತ್ತರ ಹೇಳಿ. ಹಿಂದಿನ ಹಣ ವಾಪಸು ಅವರ ಬ್ಯಾಂಕಿಗೆ ಬಂದಿದೆಯೇ ಎಂದು ಅದೇ ಕಾಗದದಲ್ಲಿ ಕೇಳಲು ಮರೆಯಬೇಡಿ. ಅದು ಅಲ್ಲಿಗೆ ತಲುಪಿದ ಮೇಲೇ ಮತ್ತೆ ಕಳಿಸುತ್ತಾರೆ.