ಅಜ್ಜಿಯ ಮಾತ್ರೆ ಕೊಟ್ಟವರು ಯಾರು?

ಅಕ್ಟೋಬರ್ ಬಂತೆಂದರೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಹಲವು ಮನೆಗಳಲ್ಲಿ ಗಂಟುಮೂಟೆ ಕಟ್ಟುವ ಗಡಿಬಿಡಿ. ದುಡಿಯುವ ವಯಸ್ಸಿನವರು ಸ್ವೆಟರ್ ವ್ಯಾಪಾರಕ್ಕೆಂದು ದೂರದ ಊರುಗಳಿಗೆ ಹೊರಡುತ್ತಾರೆ. ಚಳಿಗಾಲ ಕಳೆಯುವವರೆಗೆ ಮನೆಯ ಹಿರಿಯರ ಆರೈಕೆ ಉಳಿದವರ ಪಾಲಿಗೆ ಬೀಳುತ್ತದೆ. ಸುತ್ತಲಿನ ಪಿರಿಯಾಪಟ್ಟಣ, ಹುಣಸೂರು ಕಡೆಯ ಹಳ್ಳಿಗಳಲ್ಲಿ ಹೀಗೆ ಊರು ಬಿಡುವ ರೂಢಿ ಇಲ್ಲ, ನಿಜ. ಆದರೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿ ಹಗಲೂ ರಾತ್ರಿ ಉರಿಯಬೇಕು. ಅಪ್ಪ ಅಮ್ಮ ಸರದಿಯ ಮೇಲೆ ಅಲ್ಲೇ ಕಾವಲು ಕೂತರೆ, ಅಜ್ಜಿಯ ಮಾತ್ರೆ ಕೊಡುವ ಕೆಲಸ ಮನೆಯಲ್ಲಿರುವ ಯಾರದೋ ಕೈಗೆ ಬರುತ್ತದೆ.

ಹೀಗೆ ಕೈ ಬದಲಾಗುವ ಹೊತ್ತಿನಲ್ಲೇ ತಪ್ಪಾಗುವುದು. ಒಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ಮರೆವು ಒಂದೇ ಶತ್ರು. ನಾಲ್ವರು ನೋಡಿಕೊಳ್ಳುವ ಮನೆಯಲ್ಲಿ ಮರೆವಿನ ಜೊತೆಗೆ ‘ಅವರು ಕೊಟ್ಟಿರುತ್ತಾರೆ ಬಿಡು’ ಎಂಬ ನಂಬಿಕೆಯೂ, ‘ಯಾರೂ ಕೊಟ್ಟಿಲ್ಲವೇನೋ’ ಎಂಬ ಅನುಮಾನವೂ ಸೇರಿಕೊಳ್ಳುತ್ತವೆ. ಮೊದಲನೆಯದರಿಂದ ಮಾತ್ರೆ ತಪ್ಪುತ್ತದೆ, ಎರಡನೆಯದರಿಂದ ಎರಡು ಸಲ ಬೀಳುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎಪ್ಪತ್ತನಾಲ್ಕರ ಅಜ್ಜಿ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಮೂರೂ ಇವೆ. ಮನೆಯಲ್ಲಿ ಹಿರಿಯ ಮಗ, ಸೊಸೆ, ಪಿಯುಸಿ ಓದುವ ಮೊಮ್ಮಗಳು. ಮಗಳನ್ನು ಹುಣಸೂರಿಗೆ ಕೊಟ್ಟಿದೆ. ಕಿರಿಯ ಮಗ ಬೆಂಗಳೂರಿನಲ್ಲಿ. ಮಂಡಿನೋವಿಗೆಂದು ಅಜ್ಜಿ ಮೆಡಿಕಲ್ ಶಾಪಿನಿಂದ ಒಂದು ನೋವಿನ ಮಾತ್ರೆ ತರಿಸಿಕೊಂಡು ದಿನವೂ ನುಂಗುತ್ತಿದ್ದರು. ಅದು ಯಾವ ಚೀಟಿಯಲ್ಲೂ ಇರಲಿಲ್ಲ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು ನೀರನ್ನು ತಡೆದಿಟ್ಟು ಬಿ.ಪಿ. ಏರಿಸಬಲ್ಲವು, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಹಬ್ಬಕ್ಕೆ ಮಗಳ ಮನೆಗೆ ಹೋದಾಗ ಅಲ್ಲಿನ ವೈದ್ಯರು ನೋಡಿದರೆ ಬಿ.ಪಿ. ಹೆಚ್ಚು. ಈ ವಿಷಯ ಗೊತ್ತಿಲ್ಲದ ಅವರು ಹೊಸ ಮಾತ್ರೆ ಬರೆದರು. ಅದರಲ್ಲಿ ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಎರಡೂ ಸೇರಿದ್ದವು. ಊರಿನಲ್ಲಿ ಅಜ್ಜಿ ಮೊದಲಿನಿಂದಲೂ ತೆಗೆದುಕೊಳ್ಳುತ್ತಿದ್ದುದು ಇದೇ ಆಮ್ಲೋಡಿಪಿನ್, ಬೇರೆ ಕಂಪನಿಯದು, ಬೇರೆ ಹೆಸರಿನದು. ಮನೆಗೆ ಬಂದ ಮೇಲೆ ಎರಡೂ ನಡೆದವು. ಐದು ಮಿಲಿಗ್ರಾಂ ಹತ್ತಾಯಿತು. ಎರಡು ವಾರದಲ್ಲಿ ಪಾದ ಊದಿಕೊಂಡವು, ಎದ್ದು ನಿಂತರೆ ತಲೆ ಸುತ್ತು. ಈ ಊತಕ್ಕೆ ಇನ್ನೊಂದು ಮಾತ್ರೆ ಬರೆಸಿದ್ದರೆ ಸರಪಳಿ ಮತ್ತೂ ಉದ್ದವಾಗುತ್ತಿತ್ತು.

ಇಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ. ಎಲ್ಲರಿಗೂ ತಮ್ಮ ಕೈಯಲ್ಲಿದ್ದುದು ಗೊತ್ತಿತ್ತು, ಒಟ್ಟಾರೆ ಪಟ್ಟಿ ಮಾತ್ರ ಎಲ್ಲೂ ಇರಲಿಲ್ಲ. ಆ ಪಟ್ಟಿಯನ್ನು ಬರೆಯಲು ತಕ್ಕವರು, ನನ್ನ ಮಟ್ಟಿಗೆ, ಶಾಲೆಯ ಟೈಮ್ ಟೇಬಲ್ ಬರೆದು ಪಳಗಿದ ಮೊಮ್ಮಕ್ಕಳೇ.

ಮೊದಲ ಹೆಜ್ಜೆ ಹೀಗೆ. ಹಳೆಯ ದಿನಪತ್ರಿಕೆಯೊಂದನ್ನು ಹಾಸಿ, ಮನೆಯಲ್ಲಿರುವ ಎಲ್ಲ ಮಾತ್ರೆ, ಡಬ್ಬಿ, ಟಾನಿಕ್ಕುಗಳನ್ನೂ ಅದರ ಮೇಲೆ ಸುರಿಯಿರಿ. ದಿಂಬಿನ ಕೆಳಗಿನದು, ಸೆರಗಿನ ಗಂಟಿನಲ್ಲಿರುವುದು ಕೂಡ ಬರಲಿ. ಪ್ರತಿ ಸ್ಟ್ರಿಪ್ಪಿನ ಮೇಲೂ ಕಂಪನಿ ಇಟ್ಟ ಹೆಸರಿನ ಜೊತೆಗೆ ಒಳಗಿರುವ ಔಷಧದ ಹೆಸರೂ ಮಿಲಿಗ್ರಾಮೂ ಅಚ್ಚಾಗಿರುತ್ತವೆ. ಪಟ್ಟಿಯಲ್ಲಿ ಬರೆಯಬೇಕಾದದ್ದು ಆ ಒಳಗಿನ ಹೆಸರನ್ನು. ಕಂಪನಿಯ ಹೆಸರು ಪಕ್ಕದಲ್ಲಿರಲಿ. ಬೆಂಗಳೂರಿನ ಮಗ ಜನೌಷಧಿ ಕೇಂದ್ರದಿಂದ ತಂದುಕೊಟ್ಟದ್ದು ‘ಹೊಸ ಮಾತ್ರೆ’ಯೋ ಹಳೆಯದೇ ಬೇರೆ ಹೊದಿಕೆಯಲ್ಲಿ ಬಂದದ್ದೋ ಎಂಬುದು ಈ ಹೆಸರಿನಿಂದಲೇ ತಿಳಿಯುವುದು. ಒಂದೇ ಹೆಸರು ಎರಡು ಕಡೆ ಕಂಡರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಅಂದೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರೂ ತಾರೀಖೂ ಇರುವ ತುಂಡು ನಿಮಗೇ ಬರುವಂತೆ ನೋಡಿಕೊಳ್ಳಿ.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಒಂದು, ರಾತ್ರಿ ಒಂದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಗಡಿಯಾರದ ಜೊತೆಗೆ ಅಡುಗೆಮನೆಗೂ ಹೊಂದಿಸಿ ಬರೆಯಬೇಕು. ವೈದ್ಯರು ಸರಿಪಡಿಸಿಕೊಟ್ಟ ಮೇಲೆ ನಮ್ಮ ಅಜ್ಜಿಯ ಹಾಳೆ ಹೀಗಿತ್ತು ಎಂದಿಟ್ಟುಕೊಳ್ಳಿ (ಇದು ಮಾದರಿ ಮಾತ್ರ, ನಿಮ್ಮ ಮನೆಯ ಪ್ರಮಾಣ ನಿಮ್ಮ ವೈದ್ಯರು ಹೇಳಿದ್ದು):

ಬೆಳಗ್ಗೆ 6: ಥೈರಾಕ್ಸಿನ್ 50 ಮೈಕ್ರೋಗ್ರಾಂ. ಬರಿಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ.
ಬೆಳಗ್ಗೆ 8: ಗ್ಲಿಮೆಪಿರೈಡ್ 1 ಮಿ.ಗ್ರಾಂ. ತಿಂಡಿ ತಟ್ಟೆಗೆ ಬಂದ ಮೇಲೆ ಮಾತ್ರ, ತಿನ್ನುವ ಮುಂಚೆ.
ತಿಂಡಿಯಾದ ಮೇಲೆ: ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ಆಮ್ಲೋಡಿಪಿನ್ 5 ಮಿ.ಗ್ರಾಂ.
ಮಧ್ಯಾಹ್ನ ಊಟದ ಜೊತೆ: ಕ್ಯಾಲ್ಸಿಯಂ 500 ಮಿ.ಗ್ರಾಂ.
ರಾತ್ರಿ ಊಟವಾದ ಮೇಲೆ: ಮೆಟ್‌ಫಾರ್ಮಿನ್ 500 ಮಿ.ಗ್ರಾಂ.

ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ ಹೋದದ್ದು ಸುಮ್ಮನೆ ಅಲ್ಲ. ಅದು ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಎರಡರ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು. ‘ಎಲ್ಲ ಒಟ್ಟಿಗೆ ಕೊಟ್ಟುಬಿಟ್ಟರೆ ಮರೆಯುವುದಿಲ್ಲ’ ಎಂದು ಒಬ್ಬರು ಹಾಗೇ ಕೊಡುತ್ತ ಬಂದರೆ, ಮಾತ್ರೆ ನುಂಗಿದ ಲೆಕ್ಕ ಸರಿಯಿದ್ದರೂ ಥೈರಾಯ್ಡ್ ಪರೀಕ್ಷೆ ಕೆಟ್ಟು ಬರುತ್ತದೆ.

ಹಾಳೆಯ ಕೆಳಗೆ ‘ಇತರೆ’ ಎಂದು ಒಂದು ಸಾಲು ಖಾಲಿ ಬಿಡಿ. ನೋವಿನ ಮಾತ್ರೆ, ನಾಟಿ ಔಷಧ, ಕಷಾಯ, ಕ್ಯಾಂಪಿನ ಟಿಬೆಟನ್ ಚಿಕಿತ್ಸಾಲಯದಿಂದ ತಂದ ಗುಳಿಗೆ, ಎಲ್ಲಕ್ಕೂ ಅಲ್ಲಿ ಜಾಗ. ಬೈಯುತ್ತಾರೆಂದು ಅಜ್ಜಿ ಮುಚ್ಚಿಟ್ಟರೆ ವೈದ್ಯರಿಗೆ ಅರ್ಧ ಚಿತ್ರವೇ ಸಿಗುವುದು. ಆದ್ದರಿಂದ ಈ ಸಾಲು ಬರೆಯುವಾಗ ಮನೆಯವರು ಗದರಬಾರದು.

ಇಷ್ಟು ಬರೆದರೆ ‘ಕೊಡಬೇಕಾದದ್ದು’ ಮುಗಿಯಿತು. ‘ಕೊಟ್ಟದ್ದು’ ಬೇರೆ. ಹಾಳೆಯ ಬಲಕ್ಕೆ ತಿಂಗಳ ಮೂವತ್ತೊಂದು ದಿನಗಳ ಚೌಕ ಎಳೆದು, ಕೊಟ್ಟವರು ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. ಬರೀ ಗೀಟು ಸಾಲದು. ಕೇಳುವುದು ಯಾರನ್ನು ಎಂಬುದು ಗೊತ್ತಾಗಬೇಕು. ಬರೆಯುವುದು ಅಜ್ಜಿ ನುಂಗಿದ ಮೇಲೆ, ಕೈಗೆ ಕೊಟ್ಟಾಗ ಅಲ್ಲ. ಪೆನ್ನು ದಾರ ಕಟ್ಟಿಕೊಂಡು ಅಲ್ಲೇ ನೇತಾಡುತ್ತಿರಲಿ. ಹುಡುಕಬೇಕಾದ ಪೆನ್ನಿನಿಂದ ಯಾರೂ ಬರೆಯುವುದಿಲ್ಲ.

ಚೌಕ ಖಾಲಿಯಿದ್ದು, ಕೊಟ್ಟಿದ್ದಾರೋ ಇಲ್ಲವೋ ತಿಳಿಯದಿದ್ದರೆ? ಮೊದಲು ಫೋನ್ ಮಾಡಿ. ಯಾರಿಗೂ ಖಚಿತವಿಲ್ಲದಿದ್ದರೆ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯನ್ನು ಅನುಮಾನದ ಮೇಲೆ ಮತ್ತೆ ಕೊಡಬಾರದು. ಒಂದು ದಿನ ತಪ್ಪಿದರೆ ಸಕ್ಕರೆ ಸ್ವಲ್ಪ ಏರೀತು. ಎರಡು ಬಿದ್ದರೆ, ಅಥವಾ ಮಾತ್ರೆ ಬಿದ್ದು ತಿಂಡಿ ಬೀಳದಿದ್ದರೆ, ಅದು ಅಪಾಯದ ಮಟ್ಟಕ್ಕೆ ಇಳಿದೀತು. ಬೆವರು, ಕೈನಡುಕ, ಹಸಿವು, ಅಸಂಬದ್ಧ ಮಾತು, ಮಂಪರು ಇದರ ಗುರುತುಗಳು. ವಯಸ್ಸಾದವರಲ್ಲಿ ಕೆಲವೊಮ್ಮೆ ಮಂಪರು ಮಾತ್ರ ಕಾಣುವುದರಿಂದ ‘ನಿದ್ದೆ ಮಾಡಲಿ ಬಿಡು’ ಎಂದುಕೊಳ್ಳುವುದುಂಟು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಮೀಟರ್ ಇಲ್ಲದಿದ್ದರೂ ಈ ಗುರುತುಗಳು ಕಂಡರೆ ಸಕ್ಕರೆ ಕೊಡಿ, ಕಾಯಬೇಡಿ. ಚೇತರಿಸಿಕೊಂಡರೂ ಊಟ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಈ ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇದ್ದು ಸಕ್ಕರೆ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

ಹಾಳೆ ನಿಜ ಹೇಳುತ್ತಿದೆಯೇ ಎಂದು ನೋಡಲು ಒಂದು ಸುಲಭ ಲೆಕ್ಕವಿದೆ. ಒಂದನೇ ತಾರೀಖಿಗೆ 60 ಮೆಟ್‌ಫಾರ್ಮಿನ್ ತಂದು ಅಂದು ಬೆಳಗ್ಗೆಯಿಂದ ಶುರುಮಾಡಿದರೆ, ಹದಿನೈದರ ರಾತ್ರಿ ಮಾತ್ರೆಯಾದ ಮೇಲೆ 30 ಉಳಿದಿರಬೇಕು. 36 ಉಳಿದಿದ್ದರೆ ಆರು ಸಲ ತಪ್ಪಿದೆ. 27 ಇದ್ದರೆ ಮೂರು ಹೆಚ್ಚು ಹೋಗಿದೆ, ಇಲ್ಲವೇ ಎಲ್ಲೋ ಬಿದ್ದಿದೆ. ಚೌಕಗಳೆಲ್ಲ ತುಂಬಿದ್ದೂ ಮಾತ್ರೆ ಉಳಿದಿದ್ದರೆ, ಯಾರೋ ಸಂಜೆ ಕೂತು ಒಟ್ಟಿಗೆ ಅಕ್ಷರ ತುಂಬಿಸುತ್ತಿದ್ದಾರೆಂದು ಅರ್ಥ. ಭಾನುವಾರಕ್ಕೊಮ್ಮೆ ಈ ಎಣಿಕೆ ಮೊಮ್ಮಗಳದಾಗಲಿ. ಒಂದು ವಾರಕ್ಕಾಗುವಷ್ಟು ಉಳಿದಾಗ ಹೊಸದು ತರುವ ಕೆಲಸ ಇನ್ನೊಬ್ಬರದಾಗಲಿ.

ಇನ್ನು ಆಸ್ಪತ್ರೆಯ ದಿನ. ಅದಕ್ಕೆ ಬೇರೆ ಹಾಳೆ, ನಾಲ್ಕೇ ಅಂಕಣ: ಯಾವ ದಿನ, ಯಾರ ಜೊತೆ, ಏನು ಕೇಳಬೇಕು, ಏನು ಬದಲಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಬೇಕು. ಹಿಂದಿನ ರಾತ್ರಿಯಿಂದ ಎಂಟು ಗಂಟೆಯಾದರೂ ನೀರು ಬಿಟ್ಟು ಬೇರೇನೂ ಇಲ್ಲ. ಎಡವುವುದು ಇಲ್ಲೇ. ಬಸ್ಸಿನ ಅವಸರದಲ್ಲಿ ಸೊಸೆ ಎಂದಿನಂತೆ ಎಂಟಕ್ಕೆ ಗ್ಲಿಮೆಪಿರೈಡ್ ಕೊಟ್ಟರು, ತಿಂಡಿ ಕೊಡಲಿಲ್ಲ. ಪಿರಿಯಾಪಟ್ಟಣದ ಆಸ್ಪತ್ರೆಯ ಸಾಲಿನಲ್ಲಿ ಹತ್ತೂವರೆಗೆ ಅಜ್ಜಿ ಬೆವೆತು ಕುಸಿದರು ಎಂದಾಗಬಾರದು. ಪರೀಕ್ಷೆಯ ದಿನದ ಚೌಕದಲ್ಲಿ ಮುಂಚೆಯೇ ಕೆಂಪು ಶಾಯಿಯಲ್ಲಿ ‘ಸಕ್ಕರೆ ಮಾತ್ರೆ ರಕ್ತ ಕೊಟ್ಟ ಮೇಲೆ, ತಿಂಡಿಯ ಜೊತೆ’ ಎಂದು ಬರೆದಿಡಿ. ಮಾತ್ರೆ, ತಿಂಡಿ ಎರಡೂ ಚೀಲದಲ್ಲಿ ಹೋಗಲಿ.

ಜೊತೆಗೆ ಹೋದವರು ವೈದ್ಯರ ಕೋಣೆಯಿಂದ ಏಳುವ ಮುಂಚೆ ಮೂರು ಮಾತು ಕೇಳಬೇಕು: ಯಾವುದು ಹೊಸದು, ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯಿತು. ಉತ್ತರವನ್ನು ಅಲ್ಲೇ ಬರೆದು ಓದಿ ಹೇಳಿದರೆ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಮನೆಗೆ ಬಂದು ಹಳೆಯ ಹಾಳೆಯ ಮೇಲೆ ತಿದ್ದಬೇಡಿ. ಹೊಸದು ಬರೆದು, ಮೇಲೆ ತಾರೀಖು ಹಾಕಿ, ಹಳೆಯದಕ್ಕೆ ಅಡ್ಡಗೀಟು ಎಳೆದು ತೆಗೆದಿಡಿ. ಅದರ ಫೋಟೋ ಹುಣಸೂರಿಗೂ ಬೆಂಗಳೂರಿಗೂ ವಾಟ್ಸಾಪಿನಲ್ಲಿ ಹೋಗಲಿ. ಆದರೆ ಗೋಡೆಯ ಹಾಳೆಯೇ ಮೂಲ, ಫೋನಿನಲ್ಲಿರುವುದು ನಕಲು. ಎರಡರ ತಾರೀಖು ಬೇರೆಯಾದರೆ ಗೋಡೆಯ ಮಾತೇ ನಡೆಯಬೇಕು. ಹಾಳೆ ಬದಲಿಸುವ ಅಧಿಕಾರ ಒಬ್ಬರಿಗೇ ಇರಬೇಕು. ಈ ಮನೆಯಲ್ಲಿ ಅದು ಸೊಸೆಗೆ. ಉಳಿದವರು ಹೇಳಬಹುದು, ತಿದ್ದಕೂಡದು. ಅಜ್ಜಿ ಮಗಳ ಮನೆಗೆ ಹೋದರೆ ಅಷ್ಟೂ ಸ್ಟ್ರಿಪ್ಪುಗಳ ಜೊತೆ ಹಾಳೆಯೂ ಹೋಗಬೇಕು.

ಈ ಹಾಳೆ ರೋಗ ಗುಣಪಡಿಸುವುದಿಲ್ಲ, ಮಾತ್ರೆ ಸರಿಯೋ ತಪ್ಪೋ ತೀರ್ಮಾನಿಸುವುದೂ ಇಲ್ಲ. ಮುಂದಿನ ಸಲ ಅಜ್ಜಿಯ ಜೊತೆ ಹೋದವರು ‘ಇತರೆ’ ಸಾಲನ್ನು ವೈದ್ಯರ ಮುಂದೆ ಹಿಡಿದರೆ, ಬಿ.ಪಿ. ಏರಿದ್ದು ಏಕೆ, ಪಾದ ಊದಿದ್ದು ಏಕೆ ಎಂಬ ಎರಡು ಪ್ರಶ್ನೆಗಳಿಗೂ ಅವರು ಒಂದೇ ನೋಟದಲ್ಲಿ ಉತ್ತರ ಕಾಣಬಲ್ಲರು. ಆಗ ಮೊದಲು ನಿಲ್ಲುವುದು ಮಂಡಿನೋವಿನ ಆ ಮಾತ್ರೆಯೇ ಇದ್ದೀತು.