‘ಇತ್ತ ಎಲ್ಲರೂ ಕ್ಷೇಮ’ ಎಂದರೆ ಸಾಲದು

ನಮ್ಮ ಜಿಲ್ಲೆಯ ಕೆಲವು ತರುಣರು ಸರಕಾರಿ ನೌಕರಿಯ ದಾರಿ ಕಾಯದೆ ಅಡಿಕೆ ಹಾಳೆ, ತೆಂಗು, ಹಲಸುಗಳನ್ನು ನೆಚ್ಚಿ ಹೊಸ ಕಂಪೆನಿಗಳನ್ನು ತೆರೆಯುತ್ತಿದ್ದಾರೆ. ‘ಸ್ಟಾರ್ಟಪ್’ ಎಂಬುದು ಅವುಗಳ ಈಗಿನ ಹೆಸರು. ಬಂಡವಾಳ ಬರುವುದು ಹೆಚ್ಚಾಗಿ ಮುಂಬೈಯ ಸೋದರಮಾವನಿಂದ, ಕೊಲ್ಲಿಯಲ್ಲಿರುವ ಗೆಳೆಯನಿಂದ, ನಿವೃತ್ತರಾದ ಮೇಷ್ಟ್ರ ಉಳಿತಾಯದಿಂದ. ಕೊಟ್ಟದ್ದು ಸಾಲವಲ್ಲ, ಶೇರಿನ ಹಣ; ಕಂಪೆನಿ ಮುಳುಗಿದರೆ ಅದೂ ಮುಳುಗಿತು. 2013ರ ಕಂಪೆನಿ ಕಾಯಿದೆಯಂತೆ ಶೇರುದಾರರ ಮುಂದೆ ಲೆಕ್ಕಪತ್ರ ಇಡಬೇಕಾದದ್ದು ವರ್ಷಕ್ಕೊಮ್ಮೆ. ಆದರೆ ಇಂತಹ ಕಂಪೆನಿಯ ಆಯುಷ್ಯವೇ ಒಮ್ಮೊಮ್ಮೆ ಒಂದು ವರ್ಷವಿರುವುದಿಲ್ಲ. ಆದ್ದರಿಂದ ಸ್ಥಾಪಕನು ತಿಂಗಳಿಗೊಂದು ಪತ್ರ ಬರೆಯುವ ಪದ್ಧತಿ ಬೆಳೆದಿದೆ. ಆ ಪತ್ರ ಹೇಗಿರಬೇಕೆಂಬುದರ ಬಗ್ಗೆ ನಮಗೆ ಹೇಳಬೇಕಾದುದಿದೆ.

ಹಾಳೆ ತಟ್ಟೆಯವರ ಸಂಗತಿಯನ್ನೇ ನೋಡೋಣ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಆಹಾರಕ್ಕೆ ಬಳಸುವುದು ಸುರಕ್ಷಿತವೆಂದು ಒಪ್ಪಲಾಗದು ಎಂದಿತು. ಅಡಿಕೆಯಲ್ಲಿರುವಂತಹ ಆಲ್ಕಲಾಯ್ಡುಗಳು ಹಾಳೆಯಿಂದ ಊಟಕ್ಕೆ ಸೇರಬಹುದೆಂಬುದು ಅದು ಕೊಟ್ಟ ಕಾರಣ. ಆ ದೇಶವನ್ನೇ ನಂಬಿದ್ದ ತಯಾರಕರಿಗೆ ಸಿಡಿಲೆರಗಿದಂತಾಯಿತು.

ಅಂಥ ಒಬ್ಬ ತರುಣನ ಕಂಪೆನಿ ಇದೆಯೆಂದು ಭಾವಿಸೋಣ. ಏಪ್ರಿಲ್ ಕೊನೆಗೆ ಬ್ಯಾಂಕಿನಲ್ಲಿ 18 ಲಕ್ಷ ರೂಪಾಯಿ. ತಿಂಗಳ ಖರ್ಚು 5 ಲಕ್ಷ, ಕೈಗೆ ಬರುವುದು ಮೂರೂವರೆ ಲಕ್ಷ. ಕೊರತೆ ಒಂದೂವರೆ ಲಕ್ಷವಾದುದರಿಂದ ಹನ್ನೆರಡು ತಿಂಗಳು ನಡೆದೀತು. ಮೇ ತಿಂಗಳಲ್ಲಿ ಅಮೆರಿಕದ ಗಿರಾಕಿ ಕೈಬಿಟ್ಟ. ಬಂದದ್ದು ಒಂದೇ ಲಕ್ಷ. ಬ್ಯಾಂಕಿನಲ್ಲಿ 14 ಲಕ್ಷ ಉಳಿಯಿತು, ತಿಂಗಳ ಕೊರತೆ 4 ಲಕ್ಷಕ್ಕೇರಿತು. ಹನ್ನೆರಡು ತಿಂಗಳಿದ್ದ ಉಸಿರು ಮೂರೂವರೆ ತಿಂಗಳಿಗೆ ಇಳಿಯಿತು.

ಈಗ ಅವನು ಏನು ಬರೆಯಬೇಕು? ನಮ್ಮ ಹಳೆಯ ಕಾಗದಗಳ ರೂಢಿಯಂತೆ ‘ಇತ್ತ ಎಲ್ಲರೂ ಕ್ಷೇಮ’ ಎಂದು ತೊಡಗಿ, ಪ್ರದರ್ಶನದಲ್ಲಿ ಬಂದ ಪ್ರಶಂಸೆಯನ್ನು ಎರಡು ಪುಟ ವರ್ಣಿಸಿ, ಅಮೆರಿಕದ ಮಾತನ್ನು ಕೊನೆಯ ಸಾಲಿನಲ್ಲಿ ತುರುಕಬಹುದು. ನಮ್ಮ ಅಭಿಪ್ರಾಯದಲ್ಲಿ ಮೊದಲ ಸಾಲೇ ಹೀಗಿರಬೇಕು: ‘ಬ್ಯಾಂಕಿನಲ್ಲಿ 14 ಲಕ್ಷವಿದೆ, ಈ ಲೆಕ್ಕದಲ್ಲಿ ಮೂರೂವರೆ ತಿಂಗಳು ಸಾಕು.’ ಬಳಿಕ, ಕಳೆದ ತಿಂಗಳು ತಾನೇ ಹೇಳಿದ್ದ ಮೂರೂವರೆ ಲಕ್ಷದ ಪಕ್ಕದಲ್ಲಿ ಬಂದ ಒಂದು ಲಕ್ಷ. ಬಳಿಕ ಕಾರಣ, ಅದರಲ್ಲಿ ತನ್ನ ಪಾಲಿನ ತಪ್ಪೂ ಸೇರಬೇಕು. ಅಮೆರಿಕದ ತೀರ್ಮಾನ ಇವನ ಕೈಯಲ್ಲಿರಲಿಲ್ಲ, ನಿಜ. ಒಬ್ಬನೇ ಗಿರಾಕಿಯನ್ನು ನೆಚ್ಚಿದ್ದು ಮಾತ್ರ ಇವನದೇ ಆಯ್ಕೆ. ಕೊನೆಗೆ, ಕೈಗೊಂಡ ಕ್ರಮ: ಎರಡನೇ ಶೆಡ್ಡು ಮುಚ್ಚಿ ಖರ್ಚು 3 ಲಕ್ಷಕ್ಕೆ ಇಳಿಸಿದರೆ ಕೊರತೆ 2 ಲಕ್ಷ, ಅವಧಿ ಏಳು ತಿಂಗಳು. ಶೆಡ್ಡು ಮುಚ್ಚಿದರೆ ನಾಲ್ಕಾರು ಹೆಂಗಸರ ಕೂಲಿ ನಿಲ್ಲುತ್ತದೆ. ಅದನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕು.

ಸಹಾಯ ಕೇಳುವುದರಲ್ಲಿಯೂ ಒಂದು ಕ್ರಮವಿದೆ. ‘ತಮ್ಮೆಲ್ಲರ ಸಹಕಾರ ಕೋರುತ್ತೇನೆ’ ಎಂದರೆ ಹತ್ತು ಮಂದಿಯೂ ಇನ್ನೊಬ್ಬರು ನೋಡಿಕೊಂಡಾರೆಂದು ಸುಮ್ಮನಿರುತ್ತಾರೆ. ‘ಮಾವ, ನಿಮ್ಮ ಪರಿಚಯದ ಕೇಟರಿಂಗಿನವರಿಗೆ ಜೂನ್ 15ರೊಳಗೆ ಒಂದು ಫೋನು ಮಾಡಬೇಕು, ಹತ್ತು ಇಂಚಿನ 200 ತಟ್ಟೆ ಮಾದರಿಗೆಂದು ನಾನು ಕಳಿಸುತ್ತೇನೆ’ ಎಂದು ಬರೆದರೆ ಮಾವ ಫೋನು ಎತ್ತಿಯಾರು. ರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರಲ್ಲಿ ಕೇಳಬೇಕಾದದ್ದೇ ಬೇರೆ: ಬಿಸಿ ಸಾರು ಬಡಿಸಿದಾಗ ಹಾಳೆಯಿಂದ ಎಷ್ಟು ಆಲ್ಕಲಾಯ್ಡು ಇಳಿಯುತ್ತದೆಂದು ಅಳೆದುಕೊಡುವ ಪ್ರಯೋಗಾಲಯ ಯಾವುದು? ಇಲ್ಲಿನ ಗಿರಾಕಿಯೂ ನಾಳೆ ಅದನ್ನೇ ಕೇಳಲಿರುವುದರಿಂದ ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ.

ಹಣ ಹಾಕಿದವರಿಗೆ ಪತ್ರದ ಪೊಳ್ಳು ಗುರುತಿಸುವುದು ಕಷ್ಟವಲ್ಲ. ಹಿಂದಿನ ಮೂರು ಪತ್ರಗಳನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಸಾಕು. ಒಮ್ಮೆ ಮಾರಾಟದ ಹಣ, ಇನ್ನೊಮ್ಮೆ ತಯಾರಾದ ತಟ್ಟೆಗಳ ಸಂಖ್ಯೆ, ಮತ್ತೊಮ್ಮೆ ‘ಬರಲಿರುವ ಆರ್ಡರು’ ಎಂದು ಅಳತೆಗೋಲೇ ಬದಲಾಗುತ್ತಿದ್ದರೆ ಏನೋ ಅಡಗಿದೆ. ಬರಲಿರುವ ಆರ್ಡರು ಬ್ಯಾಂಕಿಗೆ ಬಂದ ಹಣವಲ್ಲ. ಪತ್ರವೇ ಬಾರದ ತಿಂಗಳಂತೂ ಕೂಡಲೇ ವಿಚಾರಿಸಬೇಕಾದ ತಿಂಗಳು.

ಆದರೆ ಹುಡುಗರು ಮುಚ್ಚಿಡುವುದಕ್ಕೆ ಹಿರಿಯರೂ ಕಾರಣರೆಂಬುದನ್ನು ನಾವು ಹೇಳದಿರಲಾರೆವು. ಕೆಟ್ಟ ಸುದ್ದಿಯ ಪತ್ರ ಬಂದೊಡನೆ ಮದುವೆ ಮನೆಯ ಪಂಕ್ತಿಯಲ್ಲಿ ಅದನ್ನೇ ಹೇಳಿ ನಗುವವರು, ಶೇರಿನ ಹಣವನ್ನು ಸಾಲದಂತೆ ಮರಳಿ ಕೇಳುವವರು ನಮ್ಮಲ್ಲಿದ್ದಾರೆ. ಅಂತಹವರಿಗೆ ಮುಂದಿನ ತಿಂಗಳಿನಿಂದ ‘ಕ್ಷೇಮ’ದ ಪತ್ರವೇ ಬರುತ್ತದೆ. ಮೂರೂವರೆ ತಿಂಗಳು ಉಳಿದಿರುವಾಗ ತಿಳಿದರೆ ಫೋನು ಮಾಡಲು, ಶೆಡ್ಡು ಮುಚ್ಚಲು, ಬೇಕಾದರೆ ಇನ್ನಷ್ಟು ಹಣ ಹಾಕುವುದೋ ಬೇಡವೋ ಎಂದು ಯೋಚಿಸಲು ಸಮಯವಿರುತ್ತದೆ. ಎರಡು ವಾರ ಉಳಿದಿರುವಾಗ ತಿಳಿದರೆ ಕೂಲಿ ಬಾಕಿ ತೀರಿಸಲು ಮನೆಯ ಚಿನ್ನ ಅಡವಿಡುವ ಮಾತೊಂದೇ ಉಳಿಯುತ್ತದೆ.