ಪದಕ್ರಮದ ಸ್ವಾತಂತ್ರ್ಯ ಎಷ್ಟು?

ಕನ್ನಡದಲ್ಲಿ ಕ್ರಿಯಾಪದವೊಂದನ್ನು ಕೊನೆಯಲ್ಲಿಟ್ಟರೆ ಸಾಕು, ಉಳಿದ ಪದಗಳನ್ನು ಹೇಗೆ ಬೇಕಾದರೂ ಇಡಬಹುದು, ವಿಭಕ್ತಿ ಪ್ರತ್ಯಯಗಳಿವೆಯಲ್ಲ ಎಂಬ ಮಾತು ನಮ್ಮ ವ್ಯಾಕರಣ ಪಾಠಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಅದು ಅರ್ಧಸತ್ಯವೆಂಬುದು ನನ್ನ ಅಭಿಪ್ರಾಯ.

ಸತ್ಯದ ಅರ್ಧವನ್ನು ಮೊದಲು ನೋಡೋಣ. ‘ರಾಮನು ಸೀತೆಗೆ ಹೂವನ್ನು ಕೊಟ್ಟನು’ ಎಂಬಲ್ಲಿ ಮೂರು ನಾಮಪದಗಳನ್ನು 6 ಬಗೆಯಲ್ಲಿ ಜೋಡಿಸಬಹುದು. ಒತ್ತು ಬೇರೆಯಾದೀತು, ಕೊಟ್ಟವನು, ಪಡೆದವಳು ಬೇರೆಯಾಗರು.

ಈಗ ಇನ್ನೊಂದು ವಾಕ್ಯ: ‘ಶ್ಯಾಮನ ತಮ್ಮನು ಹಸುವನ್ನು ಹೊಡೆದನು.’ ಇಲ್ಲಿಯೂ ಕ್ರಿಯಾಪದದ ಹಿಂದೆ ಮೂರೇ ಪದಗಳು, ಮೂರಕ್ಕೂ ಪ್ರತ್ಯಯಗಳಿವೆ. ಆದರೆ 6 ಜೋಡಣೆಗಳಲ್ಲಿ ಅರ್ಥ ಉಳಿಯುವುದು ಎರಡರಲ್ಲಿ ಮಾತ್ರ: ಮೇಲಿನದು, ಮತ್ತು ‘ಹಸುವನ್ನು ಶ್ಯಾಮನ ತಮ್ಮನು ಹೊಡೆದನು’. ‘ಶ್ಯಾಮನ ಹಸುವನ್ನು ತಮ್ಮನು ಹೊಡೆದನು’ ಎಂದರೂ, ‘ತಮ್ಮನು ಶ್ಯಾಮನ ಹಸುವನ್ನು ಹೊಡೆದನು’ ಎಂದರೂ ಶ್ಯಾಮನಿಗೆ ತಮ್ಮನು ಹೋಗಿ ಹಸು ಬಂದುಬಿಡುತ್ತದೆ! ‘ಶ್ಯಾಮನ’ ಎಂಬುದನ್ನು ಕ್ರಿಯಾಪದಕ್ಕೆ ತಾಗಿಸಿ ಇಟ್ಟರೆ ಉಳಿದ ಎರಡೂ ಜೋಡಣೆಗಳು ವಾಕ್ಯವೇ ಆಗುವುದಿಲ್ಲ. ಇದರ ಕಾರಣ ಸರಳ. ಸ್ಥಳ ಬದಲಿಸುವುದು ಪದಗಳಲ್ಲ, ಪದಗಳ ಗುಂಪುಗಳು. ‘ಶ್ಯಾಮನ ತಮ್ಮನು’ ಒಂದು ಗುಂಪು, ‘ಹಸುವನ್ನು’ ಇನ್ನೊಂದು. ಎರಡು ಗುಂಪುಗಳಿಗೆ ಎರಡೇ ಕ್ರಮ. ಹಿಂದಿನ ವಾಕ್ಯದಲ್ಲಿ ಒಂದೊಂದು ಪದವೂ ಒಂದೊಂದು ಗುಂಪಾಗಿದ್ದುದರಿಂದ ಈ ಭೇದ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ನಮ್ಮ ಪಾಠಕ್ಕೆ ಈ ಭ್ರಮೆ ಬಂದದ್ದು ಸಂಸ್ಕೃತದ ಅನ್ವಯ ಪದ್ಧತಿಯಿಂದ ಇರಬೇಕೆಂದು ನನಗೆ ತೋರುತ್ತದೆ. ಅಲ್ಲಿ ವಿಶೇಷಣಕ್ಕೂ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳೇ ಬರುವುದರಿಂದ ಶ್ಲೋಕದ ಎರಡು ಮೂಲೆಗಳಲ್ಲಿ ಅವು ಕುಳಿತಿದ್ದರೂ ಒಂದನ್ನೊಂದು ಗುರುತಿಸುತ್ತವೆ. ನಮ್ಮ ‘ಕೆಂಪು ಹೂವನ್ನು’ ಎಂಬಲ್ಲಿ ‘ಕೆಂಪು’ ಬರಿಗೈಯಲ್ಲಿದೆ. ಹೂವಿನ ಪಕ್ಕ ಬಿಟ್ಟರೆ ಅದಕ್ಕೆ ಗತಿಯಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾರ್ಲ್‌ಪಿರಿ ಭಾಷೆಯಲ್ಲಿಯೂ ಸಂಸ್ಕೃತದಂತೆಯೇ ಗುಂಪಿನ ತುಂಡುಗಳು ತಮ್ಮ ತಮ್ಮ ಪ್ರತ್ಯಯ ಹೊತ್ತು ಬೇರೆ ಬೇರೆ ಕಡೆ ನಿಲ್ಲಬಲ್ಲವು. ಅದನ್ನು ಆಧರಿಸಿ ಕೆನ್ ಹೇಲ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1983ರಲ್ಲಿ, ಕೆಲವು ಭಾಷೆಗಳ ವಾಕ್ಯರಚನೆಯೇ ಸಪಾಟಾದದ್ದು, ಅಂದರೆ ಕರ್ತೃ ಕರ್ಮಗಳು ಅಲ್ಲಿ ಒಂದೇ ಮಟ್ಟದಲ್ಲಿರುತ್ತವೆ ಎಂದು ವಾದಿಸಿದರು. ಜಪಾನಿ ಭಾಷೆಯೂ ಹಾಗೆಯೇ ಎಂಬ ಮಾತಿತ್ತು. ಮಮೋರು ಸೈಟೊ 1985ರ ತಮ್ಮ ಪ್ರಬಂಧದಲ್ಲಿ ಇದನ್ನು ಒಪ್ಪಲಿಲ್ಲ. ಜಪಾನಿಯಲ್ಲಿ ಕರ್ಮವೂ ಕ್ರಿಯೆಯೂ ಸೇರಿದ ಒಂದು ಒಳಗುಂಪಿದೆ, ಕರ್ತೃ ಅದರ ಹೊರಗೆ, ಮೇಲೆ ಇದೆ, ಕರ್ಮವು ಮುಂದೆ ಬಂದಾಗ ಅದು ತನ್ನ ಜಾಗದಿಂದ ಎದ್ದು ಬಂದಿರುತ್ತದೆ ಎಂಬುದು ಅವರ ನಿಲುವು.

ಕನ್ನಡದ ಗತಿಯೇನು? ‘ತನ್ನ’ ಎಂಬ ಪದವನ್ನು ಕೇಳಿ. ‘ರಾಜು ತನ್ನ ತಾಯಿಯನ್ನು ಕರೆದನು.’ ‘ತನ್ನ ತಾಯಿಯನ್ನು ರಾಜು ಕರೆದನು.’ ಎರಡರಲ್ಲಿಯೂ ತಾಯಿ ರಾಜುವಿನವಳೇ. ‘ತನ್ನ’ ಮೊದಲು ಬಂದರೂ ತೊಂದರೆಯಿಲ್ಲ. ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡಿ ‘ತನ್ನ ತಾಯಿ ರಾಜುವನ್ನು ಕರೆದಳು’ ಎಂದರೆ ಕಿವಿ ಒಪ್ಪುವುದಿಲ್ಲ. ‘ರಾಜುವನ್ನು ತನ್ನ ತಾಯಿ ಕರೆದಳು’ ಎಂದು ರಾಜುವನ್ನು ಮುಂದೆ ತಂದರೂ ಅದು ಸರಿಹೋಗದು. ‘ಅವನ ತಾಯಿ’ ಎಂದೇ ಹೇಳಬೇಕು. ಕರ್ತೃ ಕರ್ಮಗಳು ಸರಿಸಮವಾಗಿದ್ದಿದ್ದರೆ ಒಂದು ಕಡೆ ಸಲ್ಲುವುದು ಇನ್ನೊಂದು ಕಡೆಯೂ ಸಲ್ಲಬೇಕಿತ್ತು.

ಇದಷ್ಟರಿಂದಲೇ ಗೆದ್ದೆವೆನ್ನುವಂತಿಲ್ಲ. ಮಲಯಾಳವನ್ನು ಕುರಿತು ಕೆ. ಪಿ. ಮೋಹನನ್ 1982ರಲ್ಲಿ ಬರೆದ ಲೇಖನವು ಅಲ್ಲಿನ ವಾಕ್ಯ ಸಪಾಟೇ ಎನ್ನುತ್ತದೆ: ಇಂಥ ಪದ ಕರ್ತೃವನ್ನು ಹುಡುಕುತ್ತದೆ, ಅದಕ್ಕೆ ಮೇಲು ಕೆಳಗು ಬೇಕಿಲ್ಲ ಎಂಬುದು ಆ ದಾರಿ. ಕನ್ನಡದ ‘ತನ್ನ’ಕ್ಕೂ ಆ ಉತ್ತರ ಸಾಕಾದೀತು. ಆದರೆ ‘ಅವನ ತಾಯಿ ಪ್ರತಿಯೊಬ್ಬ ಹುಡುಗನನ್ನೂ ಕರೆದಳು’ ಎಂಬುದನ್ನು ಗಮನಿಸಿ. ನನ್ನ ಕಿವಿಗೆ ಇಲ್ಲಿ ಯಾರೋ ಒಬ್ಬನ ತಾಯಿ ಎಲ್ಲ ಹುಡುಗರನ್ನೂ ಕರೆದಳು. ‘ಪ್ರತಿಯೊಬ್ಬ ಹುಡುಗನನ್ನೂ ಅವನ ತಾಯಿ ಕರೆದಳು’ ಎಂದಾಗ ತಾಯಂದಿರು ಹುಡುಗರಷ್ಟೇ ಆಗುತ್ತಾರೆ. ಕರ್ತೃ ಬದಲಾಗಿಲ್ಲ, ವಿಭಕ್ತಿ ಬದಲಾಗಿಲ್ಲ. ಬದಲಾದದ್ದು ಸ್ಥಾನ ಮಾತ್ರ. ಇದನ್ನು ಬರಿಯ ಹಿಂದು ಮುಂದಿನ ಲೆಕ್ಕವೆಂದೇ ಸಪಾಟು ಪಕ್ಷದವರು ಹೇಳಿಯಾರು. ಹಾಗಿದ್ದರೆ ‘ತನ್ನ ತಾಯಿಯನ್ನು ಪ್ರತಿಯೊಬ್ಬ ಹುಡುಗನೂ ಕರೆದನು’ ಎಂಬುದು, ‘ತನ್ನ’ ಮುಂದಿದ್ದೂ, ಹೇಗೆ ಸರಿಯಾಯಿತು? ಅವರು ‘ತನ್ನ’ಕ್ಕೊಂದು ನಿಯಮ, ‘ಅವನ’ಕ್ಕೊಂದು ನಿಯಮ ಇಟ್ಟುಕೊಳ್ಳಬೇಕಾಗುತ್ತದೆ. ಕರ್ಮಕ್ಕೆ ಕೆಳಗೊಂದು ಸ್ವಂತ ಜಾಗವಿದೆ, ಅಲ್ಲಿಂದ ಮೇಲಕ್ಕೆ ಬಂದರೂ ಹಳೆಯ ಜಾಗದ ನೆನಪು ಅದಕ್ಕಿರುತ್ತದೆ ಎಂದುಕೊಂಡರೆ ಎರಡಕ್ಕೂ ಒಂದೇ ರಚನೆಯಿಂದ ಉತ್ತರ ಸಿಗುತ್ತದೆ. ನಾನು ಈ ಪಕ್ಷದವನು. ನಿಮ್ಮಲ್ಲಿ ಧಾರವಾಡ, ಮಂಗಳೂರು ಕಡೆಯವರಿಗೆ ಈ ವಾಕ್ಯಗಳು ಬೇರೆಯಾಗಿ ಕೇಳಿಸಿದರೆ ಬರೆದು ತಿಳಿಸಿ.